ನಡುವಿನ ಅಂಕಣದ ಸಾವಿರದ ಇನ್ನೂರು

ತೊಂಬತ್ತರ ದಶಕದ ಆರಂಭದಲ್ಲಿ ನಾನು ರಾಣೆಬೆನ್ನೂರಿನ ಒಬ್ಬ ತೆರಿಗೆ ವಕೀಲರ ಹತ್ತಿರ ಕೆಲಸ ಮಾಡುತ್ತಿದ್ದೆ. ಅಂಗಡಿಕಾರರ ಲೆಕ್ಕ ನೋಡಿ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಮನೆತನಕ್ಕೆ ಮದುವೆಯಾಗಿ ಹೋಗಿದ್ದ ನನ್ನ ಅಕ್ಕ ಗಂಡನನ್ನು ಕಳೆದುಕೊಂಡ ಮೇಲೆ ಮಗಳೊಂದಿಗೆ ನಮ್ಮ ಮನೆಗೆ ಬಂದಿದ್ದಳು. ಭಾವ ಮುಂಬಯಿಯ ಒಂದು ಕಂಪನಿಯ ಐನೂರು ಷೇರು ಕೊಂಡಿಟ್ಟಿದ್ದರು. ಅವು ಅಕ್ಕನ ಹೆಸರಿಗೆ ಬಂದಿದ್ದರೂ ವಿಳಾಸ ಮಾತ್ರ ಬ್ಯಾಡಗಿಯ ಅಂಗಡಿಯದೇ ಉಳಿದಿತ್ತು. ವರ್ಷಕ್ಕೊಮ್ಮೆ ಚೆಕ್ಕಿನಂಥ ಡಿವಿಡೆಂಡ್ ವಾರಂಟ್ ಅಲ್ಲಿಗೆ ಬರುತ್ತಿತ್ತು. ಅಕ್ಕನ ಮೈದುನ ಅದನ್ನು ಅಲ್ಲಿಯ ಬ್ಯಾಂಕಿನಲ್ಲಿದ್ದ ಆಕೆಯ ಖಾತೆಗೆ ತುಂಬಿ, ಒಂದು ಝೆರಾಕ್ಸ್ ಪ್ರತಿ ಕಳಿಸುತ್ತಿದ್ದ.

ಆ ವರ್ಷ ಪಾಸ್‌ಬುಕ್ಕಿನಲ್ಲಿ ನಾಲ್ಕು ಸಾವಿರದ ಎಂಟುನೂರು ಜಮೆಯಾಗಿತ್ತು. ನಮ್ಮ ಮುಂದಿನ ಮನೆಯಲ್ಲಿ ಬಾಡಿಗೆಗಿದ್ದ, ಕುಮಾರಪಟ್ಟಣದ ಕಾರ್ಖಾನೆಗೆ ಹೋಗಿಬರುವ ನೌಕರರೊಬ್ಬರಿಗೂ ಅದೇ ಕಂಪನಿಯ ಐವತ್ತು ಷೇರು ಇದ್ದವು. ಅವರು ಸಹಜವಾಗಿಯೇ ಹೇಳಿದ್ದರು: “ಈ ಸಲ ಷೇರಿಗೆ ಹನ್ನೆರಡು ರೂಪಾಯಿ ಕೊಟ್ಟಾರ, ಅಕ್ಕಾರ. ನನಗ ಪೂರಾ ಆರುನೂರು ಬಂತು.”

ಅಕ್ಕ ಝೆರಾಕ್ಸ್ ತೆಗೆದು ನೋಡದೆ ಬೆರಳು ಮಡಚಿ ಲೆಕ್ಕ ಹಾಕಿದಳು. ಐನೂರು ಷೇರಿಗೆ ಆರು ಸಾವಿರ ಬರಬೇಕಿತ್ತು.

ಆ ದಿನ ನಾನು ತೆರಿಗೆ ಕಚೇರಿಯ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದೆ. ಅಕ್ಕ ನನಗಾಗಿ ಕಾಯಲಿಲ್ಲ. ಬಸ್ಸು ಹತ್ತಿ ಬ್ಯಾಡಗಿಯ ಮಾರುಕಟ್ಟೆಗೆ ಹೋದಳು. ಹರಾಜಿನ ಹೊತ್ತು. ಹಮಾಲರು, ರೈತರು ತುಂಬಿದ್ದ ಅಂಗಡಿಯ ಕಟ್ಟೆಯ ಮುಂದೆ ನಿಂತು, “ಸತ್ತ ಅಣ್ಣನ ರೊಕ್ಕ ತಿನ್ನಾಕ ನಿಮಗ ಮನಸ್ಸರ ಹೆಂಗ ಬಂತ್ರಿ?” ಎಂದು ಕೇಳಿಬಿಟ್ಟಳು. ಮೈದುನ, “ವೈನಿ, ಒಳಗ ಬರ್ರಿ, ಕುಂತು ಮಾತಾಡೂಣು” ಎಂದನಂತೆ. ಆಕೆ ಒಳಗೆ ಕಾಲಿಡದೆ ತಿರುಗಿ ಬಂದಳು.

ನಾನು ಮನೆಗೆ ಬಂದಾಗ ಅಕ್ಕ ಮೆಣಸಿನಕಾಯಿ ಘಾಟಿಗೆ ಇನ್ನೂ ಕೆಮ್ಮುತ್ತಿದ್ದಳು. ಆ ಝೆರಾಕ್ಸನ್ನು ನನ್ನ ಕೈಗಿಟ್ಟು, “ನೀನ ನೋಡು” ಎಂದಳು.

ದೀಪದ ಕೆಳಗೆ ಹಿಡಿದೆ. ಬಲಗಡೆ ಬ್ಯಾಂಕಿಗೆ ಕೊಡುವ ವಾರಂಟ್. ಅದರಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ನಾಲ್ಕು ಸಾವಿರದ ಎಂಟುನೂರು. ಎಡಗಡೆ ಷೇರುದಾರರು ಹರಿದಿಟ್ಟುಕೊಳ್ಳುವ ಅರ್ಧಚೀಟಿ. ಅದರಲ್ಲಿ ಮೂರು ಅಂಕಣ. ಮೊದಲನೆಯದು ಒಟ್ಟು ಡಿವಿಡೆಂಡ್: ಆರು ಸಾವಿರ. ಕೊನೆಯದು ನಿವ್ವಳ: ನಾಲ್ಕು ಸಾವಿರದ ಎಂಟುನೂರು. ನಡುವಿನ ಅಂಕಣ ಕಾಗದದ ಮಡಿಕೆಯ ಮೇಲೆ ಬಿದ್ದು ಝೆರಾಕ್ಸಿನಲ್ಲಿ ಕಪ್ಪಾಗಿತ್ತು. ಕೊನೆಯ ಎರಡು ಸೊನ್ನೆ ಮಾತ್ರ ಕಾಣುತ್ತಿದ್ದವು. ಅಲ್ಲಿರಬೇಕಾದದ್ದು ಕಡಿತವಾದ ತೆರಿಗೆ ಎಂದು ನನಗೆ ಗೊತ್ತಿತ್ತು.

“ಅಕ್ಕಾ, ಇದು ಸರ್ಕಾರದ ತೆರಿಗಿ. ಕಂಪನಿಯವರು ಮುಂಚೇನ ಹಿಡಕೊಂಡು ಉಳಿದದ್ದು ಕಳಿಸ್ಯಾರ. ವಾರಂಟಿನ್ಯಾಗ ಬರೆದದ್ದ ನಾಲ್ಕು ಸಾವಿರದ ಎಂಟುನೂರು. ಅಷ್ಟೂ ನಿನ್ನ ಖಾತೆಗೆ ಬಿದ್ದೈತಿ.”

“ಮತ್ತ ಮುಂದಿನ ಮನಿಯವರಿಗ್ಯಾಕ ಹಿಡೀಲಿಲ್ಲ?”

“ಅವರದು ಸಣ್ಣ ಮೊತ್ತ. ಅಷ್ಟಕ್ಕ ಹಿಡಿಯೂದಿಲ್ಲ.”

ಅಕ್ಕ ಗೋಡೆಗೆ ಒರಗಿ ಕೂತಳು. “ಖರೇನ?” ಎಂದಳು. ಕಾಣದ ಅಂಕಿಯನ್ನು ಊಹಿಸಿ ಹೇಳುತ್ತಿದ್ದೇನೆಂಬ ಅಳುಕು ನನಗೂ ಇತ್ತು.

ಮರುದಿನ ಇಬ್ಬರೂ ಬ್ಯಾಡಗಿಗೆ ಹೋದೆವು. ಮೈದುನ ನಮ್ಮನ್ನು ನೋಡಿ ಎದ್ದು ನಿಂತ. “ಕುಂದ್ರಿ” ಎಂದು ಮಾತ್ರ ಹೇಳಿದ. ನಾನು ಅಸಲು ಅರ್ಧಚೀಟಿ ಕೇಳಿದೆ. ಪೆಟ್ಟಿಗೆಯಿಂದ ತೆಗೆದುಕೊಟ್ಟ. ಮಡಿಕೆ ಬಿಡಿಸಿದರೆ ನಡುವಿನ ಅಂಕಣದಲ್ಲಿ ಸಾವಿರದ ಇನ್ನೂರು, ಸ್ಪಷ್ಟವಾಗಿ. ನಾನು ಬೆರಳಿಟ್ಟು ಅಕ್ಕನಿಗೆ ತೋರಿಸಿದೆ.

“ತಪ್ಪಾತ್ರಿ. ನಾ ಹಂಗ ಅನಬಾರದಿತ್ತು” ಎಂದಳು ಅಕ್ಕ.

ಆತ ಅಂಗಳದ ಕಡೆ ನೋಡುತ್ತ, “ನನಗಂದದ್ದು ಇರಲಿ ವೈನಿ. ಅಣ್ಣನ ಹೆಸರು ತಗೊಂಡು ಮಂದಿ ಮುಂದ ಅಂದ್ರಿ. ನಿನ್ನೆಯಿಂದ ಹಮಾಲರು ಸೈತ ನನ್ನ ಮಾರಿ ನೋಡವಲ್ಲರು” ಎಂದ. ಚಹಾ ತರಿಸಿದ. ಮೂವರಲ್ಲಿ ಯಾರೂ ಕುಡಿಯಲಿಲ್ಲ.

ಅಕ್ಕನ ಆದಾಯ ತೆರಿಗೆ ಕಟ್ಟುವಷ್ಟೇನೂ ಇರಲಿಲ್ಲ. ಆ ಅರ್ಧಚೀಟಿಯನ್ನು ಲಗತ್ತಿಸಿ ಆಕೆಯ ಹೆಸರಿನಲ್ಲಿ ರಿಟರ್ನ್ ಸಲ್ಲಿಸಿದೆ. ಕಡಿತವಾದ ಹಣ ವಾಪಸು ಬರಲು ವರ್ಷದ ಮೇಲಾಯಿತು. ಮುಂದಿನ ಸಲ ತೆರಿಗೆ ಹಿಡಿಯಬೇಡಿರೆಂದು ಕಂಪನಿಗೆ ಘೋಷಣಾಪತ್ರವನ್ನೂ ಬರೆದು ಕಳಿಸಿದೆ. ವಾಪಸು ಬಂದ ಹಣದಲ್ಲಿ ಅಕ್ಕ ಮೈದುನನ ಮಕ್ಕಳಿಗೆ ಬಟ್ಟೆ ಕೊಂಡು ಕಳಿಸಿದಳು. ಆತ ಅದನ್ನು ತಿರುಗಿ ಕಳಿಸಲಿಲ್ಲ, ಮಕ್ಕಳಿಗೆ ತೊಡಿಸಿದ್ದನ್ನೂ ನಾವು ನೋಡಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಮುಂಬಯಿಯಿಂದ ಅಕ್ಕನಿಗೊಂದು ಲಕೋಟೆ ಬಂತು. ಅದರಲ್ಲಿ ವಿಳಾಸ ಬದಲಾವಣೆಯ ಖಾಲಿ ಅರ್ಜಿ. ವಾರಂಟ್ ಇನ್ನು ತನ್ನ ಅಂಗಡಿಗೆ ಬರುವುದು ಬೇಡವೆಂದು ಮೈದುನನೇ ಕೇಳಿ ತರಿಸಿದ್ದ. ಅಕ್ಕ ಅದನ್ನು ಓದಿ, ಸಹಿ ಹಾಕುವ ಜಾಗ ಯಾವುದೆಂದು ನನ್ನನ್ನು ಕೇಳಿದಳು.