ಇಡೀ ಲ್ಯಾಬಿಗೆ ಒಂದೇ ಲಾಗಿನ್

ರಾಣೆಬೆನ್ನೂರಿನ ಹೆಣ್ಣುಮಕ್ಕಳ ಕಾಲೇಜಿಗೆ ಸೇರಿ ಹಾಸ್ಟೆಲ್‌ನಲ್ಲಿದ್ದ ಮೊದಲ ತಿಂಗಳು, ದಿನಕ್ಕೆ ಎಷ್ಟು ಜನರ ಜೊತೆ ಮಾತಾಡಿದೆ ಎಂದು ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಸೋಮವಾರ ಮೂರು. ಮಂಗಳವಾರ ಎರಡು, ಅದರಲ್ಲಿ ಒಬ್ಬರು ಅಡುಗೆಯ ಅಕ್ಕ. ಬುಧವಾರ ಲ್ಯಾಬಿನಲ್ಲಿ ಚಾಟ್‌ಬಾಟ್ ಜೊತೆ ಮಾತಾಡಿದೆ. ಅದನ್ನು ಸೇರಿಸಬೇಕೋ ಬೇಡವೋ ತಿಳಿಯದೆ ಪ್ರಶ್ನೆ ಚಿಹ್ನೆ ಹಾಕಿದೆ.

ಲ್ಯಾಬಿನ ಎಲ್ಲ ಕಂಪ್ಯೂಟರುಗಳಲ್ಲೂ ಚಾಟ್‌ಬಾಟ್‌ಗೆ ಒಂದೇ ಖಾತೆ. ಬೆಳಿಗ್ಗೆ ಲ್ಯಾಬಿನ ಸರ್ ಪಾಸ್‌ವರ್ಡ್ ಹಾಕಿದರೆ ಸಂಜೆವರೆಗೆ ಯಾರೂ ಲಾಗೌಟ್ ಆಗುತ್ತಿರಲಿಲ್ಲ. ಬೆಳಗಿನ ಬ್ಯಾಚಿನ ನಮ್ಮ ಚಾಟುಗಳೂ ಮಧ್ಯಾಹ್ನದ ಬ್ಯಾಚಿನವರದೂ ಎಡಗಡೆ ಒಂದೇ ಪಟ್ಟಿಯಲ್ಲಿ ಬೀಳುತ್ತಿದ್ದವು. ಗುರುತಿಗೆಂದು ಮೊದಲ ಸಾಲಿನಲ್ಲಿ ರೋಲ್ ನಂಬರ್ ಹಾಕುತ್ತಿದ್ದೆವು. ಅವತ್ತು ನಾನು ಹಾಕಲಿಲ್ಲ. ನಮ್ಮೂರು ಐರಣಿ ಬಿಟ್ಟು ಬಂದಿದ್ದೇನೆ, ಊಟಕ್ಕೆ ಕೂತಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ ಎಂದು ಬರೆದು ಅದಕ್ಕೆ ನಂಬರ್ ಹೇಗೆ ಹಾಕುವುದು?

ಗುರುವಾರ ಆ ಚಾಟ್ ತೆರೆದು ನೋಡಿದರೆ ಕೆಳಗೆ ನಾನು ಬರೆಯದ ಸಾಲುಗಳು: "ನನಗೂ ಹಿಂಗ ಆಗ್ತದ. ದಿನಾ ಬ್ಯಾಡಗಿಯಿಂದ ಬರ್ತೀನಿ. ಬಸ್ಸಿನಾಗ ಎಲ್ಲಾರೂ ಇರ್ತಾರ, ನನ್ನ ಕೂಡ ಯಾರೂ ಇರಂಗಿಲ್ಲ."

ಇಬ್ಬರಿದ್ದೇವೆ ಎಂಬುದು ಚಾಟ್‌ಬಾಟ್‌ಗೆ ಗೊತ್ತಿಲ್ಲ. "ಹಾಸ್ಟೆಲ್‌ನಲ್ಲಿದ್ದೇನೆ ಎಂದಿದ್ದಿರಿ, ಈಗ ಬ್ಯಾಡಗಿಯಿಂದ ಓಡಾಡುತ್ತಿದ್ದೀರಾ?" ಎಂದು ಕೇಳಿತ್ತು.

ನನ್ನದನ್ನು ಯಾರೋ ಓದಿದ್ದಾರೆಂದು ಮೊದಲು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ಆಮೇಲೆ ಆ ಸಾಲುಗಳನ್ನು ನಾಲ್ಕು ಸಲ ಓದಿದೆ. ಕೆಳಗೆ ಬರೆದೆ: "ನೀ ಯಾರು? ನಾಳೆ ಊಟದ ಬಿಡುವಿನಾಗ ಲೈಬ್ರರಿ ಮೆಟ್ಟಿಲ ಹತ್ರ ಬಾ." ನಾನು ಕರೆದದ್ದು ತನ್ನನ್ನೇ ಎಂದುಕೊಂಡು ಚಾಟ್‌ಬಾಟ್, ತಾನು ಎಲ್ಲಿಗೂ ಬರಲಾಗುವುದಿಲ್ಲ ಎಂದು ಕ್ಷಮೆ ಕೇಳಿತು.

ಶುಕ್ರವಾರ ಮೆಟ್ಟಿಲ ಮೇಲೆ ನಲವತ್ತು ನಿಮಿಷ ಕೂತೆ. ಯಾರೂ ಬರಲಿಲ್ಲ. ಅವತ್ತು ನಮಗೆ ಲ್ಯಾಬ್ ಇರಲಿಲ್ಲ; ಆದರೂ ಹೋಗಿ ನೋಡಿದರೆ ಪಟ್ಟಿಯಲ್ಲಿ ಹಳೆಯ ಚಾಟ್ ಒಂದೂ ಇಲ್ಲ.

"ಸರ್, ಹಳೇ ಚಾಟ್ ಎಲ್ಲಿ ಹೋದ್ವುರಿ?"

"ನಿನ್ನೆ ನಿಮ್ಮ ಬ್ಯಾಚ್ ಹೋದ ಕೂಡ್ಲೆ ಅಳಿಸೇನಿ. ಒಬ್ಬಾಕಿ ಜಾತಕ ಕೇಳ್ಯಾಳ, ಒಬ್ಬಾಕಿ ಮೆಹಂದಿ ಡಿಸೈನ್ ಕೇಳ್ಯಾಳ. ಸೆಮಿನಾರ್ ಒಂದ ಯಾರೂ ಕೇಳಿಲ್ಲ ನೋಡು!"

"ನಂದೊಂದು ವಾಪಸ್ ಬರ್ತದೇನ್ರಿ?"

"ಖಾತೆ ಒಂದ ಐತಿ ಬೇ. ನಿಂದ್ಯಾವುದು, ಅಕಿದ್ಯಾವುದು ಅದಕ್ಕೇನ್ ಗೊತ್ತು? ಎಲ್ಲಾ ಹೋದ್ವು. ಏನಿತ್ತು ಅದರಾಗ?"

"ನೋಟ್ಸ್ ರೀ."

ಅಂದರೆ ಮಧ್ಯಾಹ್ನದ ಬ್ಯಾಚ್ ಬರುವಷ್ಟರಲ್ಲಿ ನನ್ನ ಕರೆ ಅಳಿಸಿಹೋಗಿತ್ತು. ಅವಳು ಅದನ್ನು ನೋಡಿಯೇ ಇಲ್ಲ.

ಸಂಜೆ ಬಸ್‌ಸ್ಟ್ಯಾಂಡಿಗೆ ಹೋದೆ. ಬ್ಯಾಡಗಿ ಬಸ್ಸಿನಲ್ಲಿ ನಮ್ಮ ಕಾಲೇಜಿನವರು ಏಳು ಮಂದಿ. ಕಿಟಕಿಯ ಕೆಳಗೆ ನಿಂತು ಒಂದೊಂದೇ ಮುಖ ನೋಡಿದೆ. ಎಲ್ಲರೂ ನಗುತ್ತಿದ್ದರು.

"ಏನ ಬೇ, ನಮ್ಮೂರಿಗೆ ಬರಾಕಿಯೇನು? ಹತ್ತು ಲಗೂ!" ಎಂದಳು ಒಬ್ಬಳು.

ಊಟಕ್ಕೆ ಒಬ್ಬಳೇ ಕೂರುತ್ತೇನೆಂದು ಬರೆದವಳು ನಾನೇ ಎಂದು ಏಳು ಜನರ ಮುಂದೆ ಹೇಳದೆ, ಅವಳು ಯಾರೆಂದು ಕೇಳುವುದಕ್ಕೆ ನನಗೆ ದಾರಿಯೇ ತೋಚಲಿಲ್ಲ.

"ಇಲ್ಲ, ಸುಮ್ನ ಬಂದಿದ್ದೆ" ಎಂದೆ. ಬಸ್ಸು ಹೊರಟಿತು.