ತಂಗಿ ಕೊಟ್ಟ ಪುಡಿ, ಡಾಕ್ಟರಿಗೆ ಬರೆದ ಪತ್ರ

ಆ ಬೇಸಿಗೆಯಲ್ಲಿ ನನಗೆ ಮಾತುಗಳು ಮರೆಯತೊಡಗಿದವು. ಮೊದಮೊದಲು ಸಣ್ಣಪುಟ್ಟ ಪದಗಳು. ಇಕ್ಕಳ ಬೇಕಾಗಿದ್ದರೂ ಬಾಯಿಗೆ ಬರದೆ, ‘ಅದು, ಬಿಸಿ ಪಾತ್ರೆ ಹಿಡಿಯೋದು’ ಎಂದು ಯಜಮಾನರಿಗೆ ಕೈಸನ್ನೆ ಮಾಡಿ ಕೇಳುತ್ತಿದ್ದೆ. ಹರಿಹರದ ಪ್ರಾಥಮಿಕ ಶಾಲೆಯಲ್ಲಿ ಕೆಲಸವಿದ್ದಷ್ಟು ಕಾಲವೂ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಕಲಿಸಿದ ಪದಗಳೇ ಒಂದೊಂದಾಗಿ ನನ್ನ ಕೈ ಬಿಡುತ್ತಿವೆ ಅನ್ನಿಸುತ್ತಿತ್ತು.

ಬಾಯಾರಿಕೆಯಂತೂ ಹೇಳತೀರದು. ತಂಬಿಗೆ ನೀರು ಕುಡಿದು ಕೆಳಗಿಡುವಷ್ಟರಲ್ಲಿ ಮತ್ತೆ ಗಂಟಲು ಒಣಗುತ್ತಿತ್ತು. ಊರಿಗೆ ಊರೇ ಬಿಸಿಲಿನಿಂದ ಬೇಯುತ್ತಿದ್ದುದರಿಂದ ಯಾರೂ ಅದನ್ನು ವಿಶೇಷವೆಂದು ತಿಳಿಯಲಿಲ್ಲ, ನಾನೂ ತಿಳಿಯಲಿಲ್ಲ. ಹಸಿವು ಸತ್ತಿತ್ತು. ಹೊಟ್ಟೆ ಕಟ್ಟಿಕೊಂಡಿತ್ತು. ಮಧ್ಯಾಹ್ನ ಕೂತಲ್ಲೇ ತೂಕಡಿಕೆ. ಗುತ್ತೂರಿನ ಕಡೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ನನ್ನ ಯಜಮಾನರು, ‘ಸಾಲಿ ಬಿಟ್ಟ ಮ್ಯಾಲೆ ನಿಂಗೆ ಹೊತ್ತು ಹೋಗ್ತಿಲ್ಲ, ಅದಕ್ಕೇ ಹಿಂಗೆ’ ಎನ್ನುತ್ತಿದ್ದರು.

ನನಗೆ ಮಾತ್ರ ಬೇರೆಯದೇ ಭಯ. ನಮ್ಮವ್ವ ಕೊನೆಗಾಲದಲ್ಲಿ ನನ್ನನ್ನು ‘ಯಾರವ್ವ ನೀನು, ಕೂಡ್ರು’ ಎಂದು ಮಾತಾಡಿಸುತ್ತಿದ್ದಳು. ತಲೆ ಬಾಚಿಸಿಕೊಳ್ಳುವಾಗ ನನ್ನ ಕೈ ಹಿಡಿದು, ಮಗಳನ್ನು ಯಾರಾದರೂ ಕರೆದುಕೊಂಡು ಬನ್ನಿ ಎಂದು ನನ್ನನ್ನೇ ಬೇಡಿಕೊಂಡಿದ್ದಳು. ಈಗ ಅದೇ ನನಗೂ ಶುರುವಾಯಿತೆಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ಯಾರಿಗೂ ಹೇಳಲಿಲ್ಲ. ಕಪಾಟಿನ ಸೀರೆಗಳನ್ನು ತೆಗೆದು ಯಾವುದು ಯಾರಿಗೆಂದು ಯೋಚಿಸುತ್ತಾ ಕೂತ ಮಧ್ಯಾಹ್ನಗಳೂ ಇದ್ದವು.

ವರ್ಷಕ್ಕೊಮ್ಮೆ ನಮ್ಮ ಡಾಕ್ಟರ ಹತ್ತಿರ ತಪಾಸಣೆಗೆ ಹೋಗುವುದು ನಮ್ಮ ರೂಢಿ. ಮಕ್ಕಳ ಜ್ವರ, ಅತ್ತೆಯವರ ಉಬ್ಬಸ, ನನ್ನ ಬಿಪಿ, ಎಲ್ಲವನ್ನೂ ನೋಡಿದವರು ಅವರೇ. ಅವರ ಮಗಳಿಗೆ ಅಕ್ಷರ ಕಲಿಸಿದವಳು ನಾನಾದ್ದರಿಂದ ಇಂದಿಗೂ ನನ್ನನ್ನು ‘ಟೀಚರ್ರೇ’ ಎಂದೇ ಕರೆಯುತ್ತಾರೆ. ಈ ಸಲ ತಪಾಸಣೆಗೆ ದಿನ ಕೇಳಲು ಹೋದಾಗ ಕ್ಲಿನಿಕ್ಕಿನ ನರ್ಸಮ್ಮ, ಬರುವಾಗ ಏನೇನು ಮಾತ್ರೆ ನುಂಗುತ್ತೀರೋ ಎಲ್ಲ ನೆನಪಿಟ್ಟುಕೊಂಡು ಬನ್ನಿ, ಶಕ್ತಿಗೆಂದು ತಗೊಳ್ಳುವುದನ್ನೂ ಹೇಳಬೇಕಂತೆ ಎಂದರು. ನೆನಪಿಟ್ಟುಕೊಳ್ಳುವುದು! ಡಾಕ್ಟರ ಎದುರು ಕೂತು ತಡವರಿಸಿದರೆ ನನ್ನ ಗುಟ್ಟು ಬಯಲಾಗುತ್ತದಲ್ಲ. ಮನೆಗೆ ಬಂದವಳೇ, ಬಾಯಲ್ಲಿ ಹೇಳುವ ಬದಲು ಬರೆದೇ ಕೊಟ್ಟುಬಿಡೋಣವೆಂದು ನಿಶ್ಚಯಿಸಿದೆ.

ಅಡಿಗೆಮನೆಯ ಗೂಡಿನಲ್ಲಿದ್ದುದನ್ನೆಲ್ಲ ಊಟದ ಮೇಜಿನ ಮೇಲೆ ತಂದು ಸುರಿದೆ. ಅಷ್ಟೊಂದು ಇದ್ದಾವೆಂದು ನನಗೇ ತಿಳಿದಿರಲಿಲ್ಲ. ಯಾವುದನ್ನೂ ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ಮಂಡಿ ನೋವೆಂದಾಗ ಮೂಳೆ ತಪಾಸಣೆಯ ಶಿಬಿರದಲ್ಲಿ ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆ. ಸುಸ್ತೆಂದಾಗ ಇವರು ತಂದ ಮಲ್ಟಿವಿಟಮಿನ್. ಪಕ್ಕದ ಮನೆಯವರು ತಮ್ಮ ಹಿತ್ತಲಿನ ಬಳ್ಳಿ ಕುದಿಸಿ ಕೊಡುತ್ತಿದ್ದ ಅಮೃತಬಳ್ಳಿ ಕಷಾಯ. ಜೊತೆಗೆ ತಂಗಿ ಕೊಟ್ಟ ವಿಟಮಿನ್ ಡಿ ಪುಡಿಯ ಪುಟ್ಟ ಪ್ಯಾಕೆಟ್ಟುಗಳು. ಒಂದೊಂದನ್ನು ಕೈಗೆತ್ತಿಕೊಂಡಾಗಲೂ ಕೊಟ್ಟವರ ಮುಖ ಕಾಣುತ್ತಿತ್ತು. ಅಕ್ಷರಗಳು ಸಣ್ಣವು, ಇಂಗ್ಲಿಷಿನವು. ಕನ್ನಡಕ ಒರೆಸಿಕೊಂಡು ಕೂಡಿಸಿ ಕೂಡಿಸಿ ಓದಿದೆ. ಒಂದು ಸಾಲು ಬರೆದು ಮುಂದಿನದನ್ನು ಬರೆಯುವಷ್ಟರಲ್ಲಿ ಮೊದಲಿನದು ಬರೆದೆನೋ ಇಲ್ಲವೋ ಎಂದು ಅನುಮಾನ. ಹಾಳೆಗಳನ್ನು ಹರಿದು ಹರಿದು ಹಾಕಿ ಕೊನೆಗೆ ಒಂದು ಪತ್ರ ಸಿದ್ಧವಾಯಿತು. ಅದರ ಒಂದು ಭಾಗ ಹೀಗಿತ್ತು:

“ಬಿಪಿ ಮಾತ್ರೆ ನೀವೇ ಬರೆದದ್ದು, ಬೆಳಿಗ್ಗೆ ಒಂದು, ತಪ್ಪಿಸಿಲ್ಲ. ಕ್ಯಾಲ್ಸಿಯಂ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಅದರಲ್ಲಿಯೂ ಡಿ3 ಇದೆ ಎಂದು ಬರೆದಿದೆ. ಮಲ್ಟಿವಿಟಮಿನ್ ಮಧ್ಯಾಹ್ನ ಒಂದು. ವಿಟಮಿನ್ ಡಿ3 ಪುಡಿ, ಪ್ಯಾಕೆಟ್ಟಿನ ಮೇಲೆ 60,000 ಎಂದಿದೆ. ದಿನಾ ಒಂದು, ರಾತ್ರಿ ಹಾಲಿನಲ್ಲಿ. ಪರಿಚಯದವರೊಬ್ಬರು ಕೊಟ್ಟದ್ದು, ಮುಗಿದ ಮೇಲೆ ಔಷಧಿ ಅಂಗಡಿಯಿಂದ ತರಿಸಿಕೊಂಡೆ. ಅಮೃತಬಳ್ಳಿ ಕಷಾಯ ಬೆಳಿಗ್ಗೆ ಅರ್ಧ ಲೋಟ. ಜೊತೆಯಲ್ಲಿ ಕೆಲಸ ಮಾಡಿದ ಟೀಚರೊಬ್ಬರು ಹೃದಯಕ್ಕೆ ಒಳ್ಳೆಯದೆಂದು ಬಂಗಾರದ ಬಣ್ಣದ ಗುಳಿಗೆ ಕೊಟ್ಟಿದ್ದರು, ಮೀನಿನ ಎಣ್ಣೆಯೆಂದು ತಿಳಿದ ಮೇಲೆ ಬಿಟ್ಟೆ. ಇಷ್ಟೇ ಎಂದು ನನ್ನ ನೆನಪು. ಇತ್ತೀಚೆಗೆ ನನ್ನ ನೆನಪನ್ನು ಪೂರ್ತಿ ನಂಬಬೇಡಿರಿ.”

ಕೊನೆಯ ವಾಕ್ಯ ಬರೆಯಬೇಕೆಂದು ಬರೆದದ್ದಲ್ಲ. ಹೊಡೆದು ಹಾಕಲು ಹೋಗಿ ಹಾಗೆಯೇ ಬಿಟ್ಟೆ. ತಪಾಸಣೆಯ ಹಿಂದಿನ ದಿನವೇ ಪತ್ರವನ್ನು ನರ್ಸಮ್ಮನ ಕೈಗೆ ಕೊಟ್ಟು ಬಂದೆ.

ಅಂದು ಸಂಜೆ ದೀಪ ಹಚ್ಚುತ್ತಿದ್ದಾಗ ಡಾಕ್ಟರದೇ ಫೋನು ಬಂತು.

“ಟೀಚರ್ರೇ, ಈ ಪುಡಿ ವಾರಕ್ಕೊಂದೋ, ದಿನಾ ಒಂದೋ? ಸರಿಯಾಗಿ ಹೇಳ್ರಿ.”

“ದಿನಾ. ಸಂಕ್ರಾಂತಿ ಆದ ಮ್ಯಾಲೆ ಶುರು ಮಾಡಿದ್ದು ಡಾಕ್ಟ್ರೇ.”

ಯುಗಾದಿ ಮುಗಿದು ಆಗಲೇ ಬಹಳ ದಿನಗಳಾಗಿದ್ದವು. ಡಾಕ್ಟರು ಬಾಯಾರಿಕೆ ಇದೆಯೇ, ಮಲಬದ್ಧತೆ ಇದೆಯೇ, ಮೂತ್ರಕ್ಕೆ ಬಹಳ ಸಲ ಏಳುತ್ತೀರಾ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಹೌದೆಂದೆ. ನನ್ನನ್ನು ನೋಡದೆಯೇ ಡಾಕ್ಟರಿಗೆ ಹೇಗೆ ತಿಳಿಯಿತೆಂದು ಅಚ್ಚರಿಯಾಯಿತು.

“ಪುಡಿ ನಿಲ್ಲಿಸಿಬಿಡ್ರಿ, ಕ್ಯಾಲ್ಸಿಯಂ, ಮಲ್ಟಿವಿಟಮಿನ್ ಮಾತ್ರೆನೂ ಬ್ಯಾಡ. ನಾಳೆ ಬಿಪಿ ಮಾತ್ರೆನೂ ನನ್ನ ಕೇಳದೆ ತಗೋಬ್ಯಾಡ್ರಿ. ಬೆಳಿಗ್ಗೆ ಬೇಗ ಬರ್ರಿ, ಯಜಮಾನ್ರನ್ನೂ ಕರ್ಕೊಂಡು.”

ಮರುದಿನ ಹೋದಾಗ ಡಾಕ್ಟರು, ಪ್ರತಿ ವರ್ಷ ಬರೆಯುತ್ತಿದ್ದ ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗಳ ಜೊತೆ ಈ ಸಲ ಕ್ಯಾಲ್ಸಿಯಮ್ಮನ್ನೂ ವಿಟಮಿನ್ ಡಿಯನ್ನೂ ಸೇರಿಸಿದರು. ನನ್ನ ಪತ್ರ ಇಲ್ಲದಿದ್ದರೆ ಆ ಎರಡನ್ನು ಬರೆಸುವ ಯೋಚನೆಯೇ ತಮಗೆ ಬರುತ್ತಿರಲಿಲ್ಲವೆಂದು ಆಮೇಲೆ ಅವರೇ ಹೇಳಿದರು. ವಿಟಮಿನ್ನಿನ ವರದಿ ತಡವಾಗಿ ಬರುವಂಥದ್ದು. ಕ್ಯಾಲ್ಸಿಯಮ್ಮಿನದು ಮಧ್ಯಾಹ್ನವೇ ಬಂತು. ಇರಬೇಕಾದುದಕ್ಕಿಂತ ಬಹಳ ಮೇಲಿತ್ತು. ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿತ್ತು. ದಾವಣಗೆರೆಯ ಆಸ್ಪತ್ರೆಗೆ ಈಗಲೇ ಹೊರಡಬೇಕು, ಸಂಜೆಯವರೆಗೆ ಕಾಯುವುದು ಬೇಡ ಎಂದರು ಡಾಕ್ಟರು.

ಹೊರಡುವ ಮೊದಲು ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ಹೆಚ್ಚಾದದ್ದು ಮೂತ್ರದಲ್ಲಿ ಹೊರಟುಹೋಗುವ ಜಾತಿಯ ವಿಟಮಿನ್ ಅಲ್ಲವಂತೆ ಇದು. ಮೈಯ ಕೊಬ್ಬಿನಲ್ಲಿ ಸೇರಿಕೊಂಡು ಉಳಿಯುತ್ತದೆ. ತಿಂದದ್ದರಿಂದಲೂ ಮೂಳೆಯಿಂದಲೂ ಕ್ಯಾಲ್ಸಿಯಮ್ಮನ್ನು ಎಳೆದು ರಕ್ತಕ್ಕೆ ತುಂಬುತ್ತದೆ. ಮೇಲಿಂದ ನಾನು ಕ್ಯಾಲ್ಸಿಯಂ ಮಾತ್ರೆಯನ್ನೂ ನುಂಗುತ್ತಿದ್ದೆ. ನನ್ನ ಬಿಪಿ ಮಾತ್ರೆಯಲ್ಲಿದ್ದ ಮೂತ್ರ ಹೆಚ್ಚಿಸುವ ಔಷಧಿಯೂ ಕ್ಯಾಲ್ಸಿಯಮ್ಮನ್ನು ಹೊರಹೋಗಲು ಬಿಡದಂಥದ್ದು. ಕೊರತೆಯಿದ್ದವರಿಗೆ ಆ ಪುಡಿ ಒಳ್ಳೆಯದೇ, ಆದರೆ ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವೇ ವಾರ.

ನಾನು ಕೇಳಬೇಕೆಂದಿದ್ದುದು ಬೇರೆಯದೇ. ಇವರ ಎದುರು ಕೇಳಲು ನಾಚಿಕೆಯಾದರೂ ಕೇಳಿದೆ.

“ಡಾಕ್ಟ್ರೇ, ನನ್ನ ಮರೆವು... ನಮ್ಮವ್ವಂದೇ ಅಲ್ವ ಇದು?”

“ಕ್ಯಾಲ್ಸಿಯಂ ಇಷ್ಟು ಏರಿದ್ರೆ ಯಾರ ತಲೆನಾದ್ರೂ ಮಂಕಾಗ್ತದೆ. ಮೊದಲು ಅದು ಇಳೀಲಿ. ಆಮ್ಯಾಲೆ ನೋಡಾಣ. ಈಗ್ಲೇ ಅವ್ವನ ಲೆಕ್ಕಕ್ಕೆ ಹಾಕಬ್ಯಾಡ್ರಿ.”

ಇವರು ನನ್ನ ಕಡೆ ತಿರುಗಿ ನೋಡಿದರು. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಏನಿತ್ತೆಂದು ಅವರಿಗೆ ತಿಳಿದಿರಲಿಲ್ಲ. ನನ್ನ ಚೀಲವನ್ನು ತಮ್ಮ ಕೈಗೆ ತೆಗೆದುಕೊಂಡರು.

ಎದ್ದು ಹೊರಟಾಗ ಡಾಕ್ಟರು ಪತ್ರದಲ್ಲಿ ‘ಪರಿಚಯದವರೊಬ್ಬರು’ ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು, ಕೊಟ್ಟವರು ಯಾರೆಂದು ಕೇಳುವುದಿಲ್ಲ ಎಂದರು. “ಆದರೆ ಅವರೂ ಹಿಂಗೇ ದಿನಾ ತಗೊಂತಿದ್ರೆ ಅವರ ರಕ್ತಾನೂ ನೋಡ್ಬೇಕು. ಅಷ್ಟು ಮಾತ್ರ ಹೇಳಿಬಿಡ್ರಿ ಅವರಿಗೆ.”

ತಂಗಿಯ ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ಆಸ್ಪತ್ರೆ ಸೇರಿದ ದಿನದಿಂದ ಅವಳೇ ನನ್ನ ಆರೈಕೆಗೆ ನಿಂತಳು. ಗಂಜಿ ತರುತ್ತಿದ್ದಳು, ಬಟ್ಟೆ ಒಗೆದು ತರುತ್ತಿದ್ದಳು. ಎರಡೂ ಕೈಗೆ ಸೂಜಿ ಚುಚ್ಚಿ ಸಲೈನ್ ಏರಿಸುತ್ತಿದ್ದರಿಂದ ಅವಳೇ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಕ್ಯಾಲ್ಸಿಯಂ ಇಳಿಸಲು ಒಂದು ಇಂಜೆಕ್ಷನ್ನೂ ಕೊಟ್ಟಿದ್ದರು, ಎದೆಬಡಿತವನ್ನು ಆಗಾಗ ನೋಡುತ್ತಿದ್ದರು. ವಿಟಮಿನ್ ಹೆಚ್ಚಾಗಿ ಹೀಗಾಯಿತೆಂದಷ್ಟೇ ಅವಳಿಗೆ ತಿಳಿಸಿದ್ದೆವು. ಯಾವ ವಿಟಮಿನ್ ಎಂದು ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ. ಹೇಳದೆ ಇರಲು ಸಾಧ್ಯವಿದ್ದಿದ್ದರೆ ಜನ್ಮದಲ್ಲಿ ಹೇಳುತ್ತಿರಲಿಲ್ಲ. ಆದರೆ ಅವಳೂ ಅದನ್ನೇ ಕುಡಿಯುತ್ತಿದ್ದರೆ? ತಲೆ ತುಸು ತಿಳಿಯಾದ ದಿನ, ಅವಳು ಮೂಸಂಬಿ ಬಿಡಿಸುತ್ತಾ ಕೂತಿದ್ದಾಗ ಕೇಳಿಯೇಬಿಟ್ಟೆ.

“ನಂಗೆ ಕೊಟ್ಯಲ್ಲ, ಹಾಲಿಗೆ ಹಾಕ್ಕಣಾ ಪುಡಿ. ನೀನೂ ಇನ್ನಾ ತಗಂತಿದೀಯ?”

“ಭಾನುವಾರ ಭಾನುವಾರ ತಗಂತೀನಿ. ಯಾಕ?”

“ದಿನಾ ಅಲ್ಲ?”

ಅವಳ ಕೈ ನಿಂತಿತು. ನನ್ನ ಮುಖವನ್ನೂ ಮೇಲೆ ತೂಗುತ್ತಿದ್ದ ಬಾಟಲಿಯನ್ನೂ ನೋಡಿದಳು.

“ನೀನು ದಿನಾ ತಗಂಡ್ಯ ಅಕ್ಕ? ನಾನು ಹಂಗೆ ಹೇಳಿದ್ನ?”

“ಇಲ್ಲ, ನಾನೇ ತಪ್ಪು ಕೇಳಿಸ್ಕಂಡಿದೀನಿ ಬಿಡು.”

“ಇಲ್ಲಕ್ಕ. ನಿನ್ನ ಕ್ಯಾಲ್ಸಿಯಂ ಮಾತ್ರೆ ದಿನಾ, ಪುಡಿ ವಾರಕ್ಕೆ ಅನ್ಬೇಕಿತ್ತು. ಬಸ್ಸು ಬಂತು ಅಂತ ಅವಸರದಾಗೆ ಎರಡಕ್ಕೂ ದಿನಾ ಅಂದಿರ್ತೀನಿ.”

ಸಂಕ್ರಾಂತಿಗೆ ಹೋದಾಗ ಅವಳು ನನ್ನನ್ನು ಬಸ್ಸಿಗೆ ಹತ್ತಿಸಲು ಬಂದು ಆ ಪ್ಯಾಕೆಟ್ಟುಗಳ ಡಬ್ಬಿ ಕೈಗಿತ್ತದ್ದು ನಿಜ. ಕಿಟಕಿಯಲ್ಲಿ ಕೂತ ನನಗೆ ಅವಳು ಏನೋ ಕೂಗಿ ಹೇಳಿದ್ದೂ ನಿಜ. ಏನು ಹೇಳಿದಳು, ನಾನು ಏನು ಕೇಳಿಸಿಕೊಂಡೆ, ಇಬ್ಬರಿಗೂ ಇಂದಿಗೂ ಖಚಿತವಿಲ್ಲ. ತಪ್ಪು ತನ್ನದೆಂದು ಅವಳು, ನನ್ನದೆಂದು ನಾನು. ಅಂದು ಅವಳು ಅಳಲಿಲ್ಲ. ಬಿಡಿಸಿದ ತೊಳೆಗಳನ್ನು ತಟ್ಟೆಯಲ್ಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದಳು. ನನ್ನ ಬಲವಂತಕ್ಕೆ ಅವಳೂ ರಕ್ತ ಕೊಟ್ಟಳು. ಅವಳದ್ದು ಸರಿಯಾಗಿಯೇ ಇತ್ತು. ಪುಡಿಗೆಂದು ತಾವು ಬರೆದುಕೊಟ್ಟ ವಾರಗಳು ಎಂದೋ ಮುಗಿದಿವೆ, ಇನ್ನು ಸಾಕು ಎಂದು ಅವಳ ಡಾಕ್ಟರು ನಿಲ್ಲಿಸಿದರು.

ಮನೆಗೆ ಬಂದ ಮೇಲೂ ಗುಣವಾಗಲು ತಿಂಗಳುಗಳೇ ಹಿಡಿದವು. ಹಾಲು, ಮೊಸರು ಕಡಿಮೆ. ರಾಗಿಯೂ ಬೇಡ. ಬೆಳಗಿನ ಬಿಸಿಲಿಗೆ ಕೂರುವುದೂ ಕೆಲಕಾಲ ಬೇಡವೆಂದರು. ಬಿಪಿ ಮಾತ್ರೆ ಬದಲಾಯಿತು. ಕಷಾಯವನ್ನೂ ಬಿಡಿಸಿದರು, ಅದು ಕೆಲವರ ಯಕೃತ್ತಿಗೆ ಆಗುವುದಿಲ್ಲವಂತೆ. ಮತ್ತೆ ಮತ್ತೆ ರಕ್ತ ಪರೀಕ್ಷೆ. ಕ್ಯಾಲ್ಸಿಯಂ ಇಳಿದಂತೆ ಮಾತುಗಳು ಮರಳಿದವು. ಒಂದು ದಿನ ಒಲೆಯ ಮುಂದೆ ನಿಂತು ‘ಇಕ್ಕಳ ಕೊಡ್ರಿ’ ಎಂದೆ. ಇವರು ಕೊಟ್ಟರು, ಕೊಟ್ಟು ಅಲ್ಲೇ ನಿಂತರು. ಮೂತ್ರಪಿಂಡ ಮಾತ್ರ ಮೊದಲಿನಷ್ಟಾಗಿಲ್ಲ. ಇದ್ದಷ್ಟನ್ನು ಕಾಪಾಡಿಕೊಂಡು ಹೋಗಬೇಕು ಎಂದಿದ್ದಾರೆ ಡಾಕ್ಟರು. ನಾಳೆ ನಮ್ಮವ್ವನ ಮರೆವು ನನಗೆ ಬರುವುದೇ ಇಲ್ಲವೆಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ.

ಆಮೇಲೆ ತಂಗಿ ನನಗೆ ಏನನ್ನೂ ಕೊಡುವುದನ್ನು ಬಿಟ್ಟಳು. ಬರುತ್ತಿದ್ದಳು, ಕ್ಷೇಮ ಕೇಳುತ್ತಿದ್ದಳು, ಬರಿಗೈಯಲ್ಲಿ ಕೂತು ಹೋಗುತ್ತಿದ್ದಳು. ಚಿಕ್ಕಂದಿನಿಂದ ತನ್ನ ಪಾಲಿನ ಬೆಲ್ಲದ ತುಂಡನ್ನೂ ಮುರಿದು ನನ್ನ ಬಾಯಿಗಿಟ್ಟವಳು ಅವಳು. ಬರಿಗೈಯ ಆ ಭೇಟಿಗಳು ನನಗೆ ಆಸ್ಪತ್ರೆಗಿಂತ ಕಷ್ಟವಾದವು. ದೀಪಾವಳಿಗೆ ಅವಳ ಮನೆಗೆ ಹೋದಾಗ, ಹೊರಡುವ ಹೊತ್ತಿಗೆ ನಾನೇ ಬಾಯಿಬಿಟ್ಟು ಕೇಳಿದೆ: “ಶೇಂಗಾ ಚಟ್ನಿ ಪುಡಿ ಇದ್ರೆ ಒಂದೀಟು ಕಟ್ಟಿ ಕೊಡೇ.”

ಅವಳು ಅಡಿಗೆಮನೆಯ ಬಾಗಿಲಲ್ಲೇ ನಿಂತಳು.

“ಡಾಕ್ಟ್ರನ್ನ ಕೇಳಿದೀಯ?”

“ಕೇಳಿದೀನಿ. ಉಪ್ಪು ಕಮ್ಮಿ ಇರ್ಲಿ ಅಂದಾರೆ.”

ಇದ್ದ ಪುಡಿಯಲ್ಲಿ ಉಪ್ಪು ಹೆಚ್ಚೆಂದು ಅದನ್ನು ಕೊಡಲಿಲ್ಲ. ನನ್ನನ್ನು ಕೂರಿಸಿ, ಶೇಂಗಾ ಹುರಿದು, ಕೈಯಾರೆ ಸಿಪ್ಪೆ ಉಜ್ಜಿ, ಹೊಸದಾಗಿ ಕುಟ್ಟಿದಳು. ನಾನು ಹೊರಡಬೇಕಿದ್ದ ಬಸ್ಸು ಹೋಗಿತ್ತು. ಮುಂದಿನ ಬಸ್ಸಿಗೆ ಬಂದೆ.