ಕೆಂಡದ ಮೇಲಿನ ರವೆ

ಸತ್ಯವತಿ ಟೀಚರು ಆಂಧ್ರದ ಪಾಲಕೊಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಆಗಿ ಬಂದ ದಿನ ಬೆಳಗಿನ ತಿಂಡಿಗೆ ಉಪ್ಮಾ ಇತ್ತು. ಟ್ರಂಕನ್ನು ಕೋಣೆಯಲ್ಲಿಳಿಸಿ ಊಟದ ಮನೆಗೆ ಹೋದರೆ, ಹುಡುಗಿಯೊಬ್ಬಳು ತಟ್ಟೆಯನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದಳು. ಉಪ್ಮಾ ಕೆಳಕ್ಕೆ ಬೀಳಲಿಲ್ಲ.

"ನೋಡ್ರೇ, ಬಿದ್ದಿಲ್ಲ. ನಮ್ಮ ರೂಮಿನ ಗೋಡೆ ಬಿರುಕಿಗೆ ಇದೇ ಸಾಕು. ಮೇಸ್ತ್ರಿನ ಕರೆಸೋದೇ ಬೇಡ."

ಬಾಗಿಲ ಬಳಿ ಸೌಟು ಹಿಡಿದು ನಿಂತಿದ್ದ ಹೆಂಗಸು ಇದನ್ನು ಕೇಳಿಸಿಕೊಂಡಳು. ಎತ್ತರದ ಆಳು, ಮೂಗಿನ ಎರಡೂ ಕಡೆ ನತ್ತು, ಸೆರಗು ಸೊಂಟಕ್ಕೆ ಬಿಗಿದಿತ್ತು. "ಗೋಡೆಗೆ ಮೆತ್ತೋದಾದ್ರೆ ಬಿಸಿಯಿದ್ದಾಗಲೇ ಮೆತ್ತಮ್ಮ, ಆರಿದ್ರೆ ಹಿಡಿಯಲ್ಲ" ಎಂದು ಹೇಳಿ ಒಳಗೆ ಹೋದಳು. ಅವಳೇ ಅಚ್ಚಾಯಮ್ಮ. ಹುಡುಗಿಯರೆಲ್ಲ ಅವಳನ್ನು ಪೆದ್ದಮ್ಮ, ಎಂದರೆ ದೊಡ್ಡಮ್ಮ, ಎಂದು ಕರೆಯುತ್ತಿದ್ದರು.

ಟೀಚರು ಒಂದು ತುತ್ತು ಬಾಯಿಗಿಟ್ಟರು. ಮೇಲೆ ಅಂಟು. ಒಳಗೆ ನಿಂಬೆಗಾತ್ರದ ಗಂಟು. ಒಡೆದರೆ ನಡುವೆ ನೀರೇ ಮುಟ್ಟದ ಬಿಳಿ ಹಿಟ್ಟು. ತಿಂದು ಮುಗಿಸಿ ತಟ್ಟೆ ತೊಳೆದಿಟ್ಟರು.

ಅಚ್ಚಾಯಮ್ಮ ಆ ಅಡುಗೆಮನೆಗೆ ಬಂದು ಬಹಳ ವರ್ಷಗಳಾಗಿದ್ದವು. ಗಂಡ ಕಾಲುವೆಯ ದೋಣಿಯಲ್ಲಿ ಬತ್ತ ಸಾಗಿಸುತ್ತಿದ್ದವನು. ಅವನು ತೀರಿಕೊಂಡ ಮೇಲೆ ಹಾಸ್ಟೆಲಿನ ಹಿಂದಿನ ಕೋಣೆಯೇ ಅವಳ ಮನೆ. ಅವಳ ಉಪ್ಮಾಕ್ಕೆ ಒಂದು ಕಾಲದಲ್ಲಿ ಹೆಸರಿತ್ತಂತೆ. ಓದು ಮುಗಿಸಿ ಹೋದ ಹುಡುಗಿಯರು ಗಂಡನ ಜೊತೆ ಬಂದು, "ಪೆದ್ದಮ್ಮ, ಒಂದು ತಟ್ಟೆ ಹಾಕು" ಎಂದು ಕೇಳಿ ತಿಂದು ಹೋಗುತ್ತಿದ್ದರಂತೆ. ಹಾಳಾದದ್ದು ಹಿಂದಿನ ವರ್ಷ, ಅಡುಗೆಮನೆಗೆ ಗ್ಯಾಸಿನ ಒಲೆ ಬಂದ ಮೇಲೆ.

"ಗ್ಯಾಸಿನ ಬೆಂಕಿಗೆ ಗುಣವಿಲ್ಲ ಟೀಚರ್ ಗಾರೂ" ಎಂದಳು ಅಚ್ಚಾಯಮ್ಮ. "ರವೆ ತರೋ ಅಂಗಡಿನೂ ಬದಲಾಯಿಸಿ ನೋಡಿದೆ. ನೀರು ಕಡಿಮೆ ಹಾಕಿದೆ, ಕಲ್ಲಾಯ್ತು. ಜಾಸ್ತಿ ಹಾಕಿದೆ, ಗಂಜಿಯಾಯ್ತು. ಎಣ್ಣೆ ಸುರಿದೆ, ಎಣ್ಣೆ ಗಂಜಿಯಾಯ್ತು. ಕೈ ಅದೇ, ಸೌಟು ಅದೇ. ನಂಗೇ ವಯಸ್ಸಾಯ್ತೇನೋ."

ಹಾಸ್ಟೆಲಿನ ಸಮಿತಿಯ ಅಧ್ಯಕ್ಷರಾದ ಕನಕರಾಜು ಗಾರು ಹಾಗೆಯೇ ಯೋಚಿಸುತ್ತಿದ್ದರು. ಭೀಮವರದ ಗುತ್ತಿಗೆದಾರನೊಬ್ಬ ವ್ಯಾನಿನಲ್ಲಿ ತಿಂಡಿ ತಂದುಕೊಡುತ್ತೇನೆಂದು ಮುಂದೆ ಬಂದಿದ್ದನು. ಹಾಗಾದರೆ ಅಚ್ಚಾಯಮ್ಮ ಹಿಂದಿನ ಕೋಣೆಯನ್ನೂ ಬಿಡಬೇಕು. ರಾಜುಗಾರು ಟೀಚರಿಗೆ ನೇರವಾಗಿಯೇ ಹೇಳಿದರು. "ಬರೋ ಸೋಮವಾರ ನಾನೇ ಬಂದು ಮಕ್ಕಳ ಪಕ್ಕ ಕೂತು ತಿಂತೀನಿ. ಅವಳ ಮೇಲೆ ನಂಗೇನೂ ದ್ವೇಷ ಇಲ್ಲಮ್ಮ. ಆದ್ರೆ ಮಕ್ಕಳು ಹಸಿದುಕೊಂಡು ಕಾಲೇಜಿಗೆ ಹೋಗಬಾರದು."

ಟೀಚರಿಗೂ ಹಾಗೇ ಅನ್ನಿಸಿತು. ಮಾತು ಸರಿಯಾಗಿಯೇ ಇತ್ತು.

ಗುರುವಾರ ಮಧ್ಯಾಹ್ನ ಮೂಟೆಯ ತಳದಲ್ಲಿ ಉಳಿದಿದ್ದ ರವೆಯಲ್ಲಿ ಹುಳ ಕಂಡಿತು. ಎಸೆಯಲು ಅಚ್ಚಾಯಮ್ಮನಿಗೆ ಮನಸ್ಸು ಬರಲಿಲ್ಲ. ಜರಡಿ ಹಿಡಿದು, ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸಿ ಬಿಸಿಮಾಡಿ, ಮತ್ತೊಮ್ಮೆ ಜರಡಿ ಹಿಡಿದಿಟ್ಟಳು. ಅದು ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಆದ್ದರಿಂದ ಮರುದಿನ ಎರಡು ಪಾತ್ರೆಗಳಲ್ಲಿ ಉಪ್ಮಾ ಮಾಡಿದಳು: ಒಂದಕ್ಕೆ ಆ ರವೆ, ಇನ್ನೊಂದಕ್ಕೆ ಅಂಗಡಿಯಿಂದ ತಂದ ಹೊಸ ರವೆ. ಒಗ್ಗರಣೆ ಒಂದೇ, ಅಳತೆಯ ನೀರು ಒಂದೇ, ಒಲೆಯೂ ಅದೇ ಗ್ಯಾಸಿನದು.

ಮೊದಲ ಪಾತ್ರೆ ಬೇಗ ಖಾಲಿಯಾಯಿತು. ಎರಡನೆಯದರ ಮುಂದೆ ಹುಡುಗಿಯರು ಮುಖ ಸಿಂಡರಿಸಿದರು.

"ಪೆದ್ದಮ್ಮ, ಆ ಪಾತ್ರೇದೇ ಹಾಕು."

"ಅದು ಹುಳ ಬಿದ್ದಿದ್ದ ರವೆ ಕಣ್ರೇ, ಮುಗೀತು."

"ಹಾಗಾದ್ರೆ ನಾಳೆಯಿಂದ ಹುಳ ಬಿದ್ದದ್ದನ್ನೇ ತರಿಸು."

ಅಚ್ಚಾಯಮ್ಮ ನಗಲಿಲ್ಲ. ಎರಡು ಪಾತ್ರೆಗಳ ತಳದಲ್ಲಿ ಉಳಿದಿದ್ದನ್ನು ಎರಡು ಅಂಗೈಗಳಲ್ಲಿ ತೆಗೆದುಕೊಂಡು ಟೀಚರ ಬಳಿ ಬಂದಳು. ಬಲಗೈಯದು ಕಾಳುಕಾಳಾಗಿ ಉದುರುತ್ತಿತ್ತು. ಎಡಗೈಯದನ್ನು ಮುಷ್ಟಿ ಹಿಡಿದರೆ ಬೆರಳಿನ ಗುರುತು ಮೂಡುತ್ತಿತ್ತು.

"ಗ್ಯಾಸಿನ ತಪ್ಪಲ್ಲ ಟೀಚರ್ ಗಾರೂ. ಕೆಂಡ ಹೋಯ್ತು, ಅದಕ್ಕೆ."

ಟೀಚರಿಗೆ ತಿಳಿಯಲಿಲ್ಲ. ಅಚ್ಚಾಯಮ್ಮ ಕೂತು ಬಿಡಿಸಿ ಹೇಳಿದಳು. ಸೌದೆ ಒಲೆಯಿದ್ದಾಗ ಸಂಜೆಯ ಅಡುಗೆ ಮುಗಿದ ಮೇಲೆ ಒಲೆಯಲ್ಲಿ ಕೆಂಡ ಉಳಿಯುತ್ತಿತ್ತು. ಅದನ್ನು ಸುಮ್ಮನೆ ಆರಿಸುವುದೇಕೆಂದು, ಮರುದಿನದ ರವೆಯನ್ನು ಅಗಲ ಬಾಣಲೆಯಲ್ಲಿ ಅದರ ಮೇಲಿಟ್ಟು, ಹುಡುಗಿಯರು ಉಣ್ಣುವಷ್ಟು ಹೊತ್ತು ಹೋಗಿ ಬಂದು ಕೈಯಾಡಿಸುತ್ತಿದ್ದಳು. ಅತ್ತೆ ಕಲಿಸಿದ್ದ ಪದ್ಧತಿ ಅದು. ಹುಳ ಬರದಿರಲಿ ಎಂದು ಮಾಡುವುದೆಂದೇ ಅವಳು ತಿಳಿದಿದ್ದಳು. ಗ್ಯಾಸು ಬಂತು, ಕೆಂಡ ಹೋಯಿತು, ಬಾಣಲೆ ಅಟ್ಟ ಸೇರಿತು. ಅದು ಉಪ್ಮಾದ ಕೆಲಸವೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಹಸಿ ರವೆ ಆಸೆಬುರುಕ" ಎಂದಳು. "ಕುದಿಯೋ ನೀರು ಕಂಡ ಕೂಡಲೇ ಮೇಲಿನ ಹಿಟ್ಟೆಲ್ಲ ಅಂಟಾಗಿ ಒಂದನ್ನೊಂದು ಹಿಡ್ಕೊಳ್ಳತ್ತೆ. ಒಳಗಿನದಕ್ಕೆ ನೀರೇ ಹೋಗಲ್ಲ, ಗಂಟು. ಒಡೆಯೋಕೆ ತಿರುವಿದಷ್ಟೂ ಅಂಟು. ಹುರಿದದ್ದು ಹಾಗಲ್ಲ. ಪಸೆ ಆರಿ ಕಾಳು ಗಟ್ಟಿಯಾಗಿರತ್ತೆ. ನಿಧಾನಕ್ಕೆ ನೀರು ಕುಡಿದು, ಅದರಷ್ಟಕ್ಕೆ ಅದು ಉಬ್ಬತ್ತೆ."

ಶನಿವಾರ ಸಂಜೆ ಅವಳು ಗ್ಯಾಸಿನ ಮೇಲೆ ಇಡೀ ರವೆಯನ್ನು ಒಟ್ಟಿಗೆ ಹುರಿಯಲು ಹೋಗಿ ಕೆಡಿಸಿದಳು. ಗುರುವಾರದ್ದು ಕಡಿಮೆಯಿತ್ತು, ಕೈಗೆ ಸಿಕ್ಕಿತ್ತು. ಈಗ ತಳದ್ದು ಕಂದಿತು, ಮೇಲಿನದು ಹಸಿಯಾಗಿಯೇ ಉಳಿಯಿತು. ಒಲೆ ಆರಿಸಿದ ಮೇಲೂ ಬಾಣಲೆಯ ಕಾವಿಗೆ ಇನ್ನಷ್ಟು ಕೆಂಪಾಗಿ ಕಹಿ ವಾಸನೆ ಬಂತು. ಟೀಚರು ಎದ್ದು ಒಲೆಯ ಬಳಿ ಬಂದರು.

"ನಾನೂ ಒಂದು ಸೌಟು ಹಿಡೀಲಾ?" ಎಂದರು.

"ಬೇಡಿ. ನೀವು ಪಾಠ ಹೇಳೋ ಹಾಗೆ ಆತುರ ಮಾಡ್ತೀರ."

ಭಾನುವಾರ ಸ್ವಲ್ಪ ಸ್ವಲ್ಪವೇ ಹಾಕಿ, ಉರಿ ತಗ್ಗಿಸಿ, ಒಂದು ಚಮಚ ತುಪ್ಪ ಬಿಟ್ಟು ಹುರಿದಳು. ಬಣ್ಣ ತಿರುಗುವ ಮೊದಲೇ, ಘಮ ಬಂದು ರವೆ ಸೌಟಿನಿಂದ ಒಣಮರಳಿನಂತೆ ಜಾರತೊಡಗಿದ ಕೂಡಲೇ ತೆಗೆದು ಬಟ್ಟೆಯ ಮೇಲೆ ಹರಡಿದಳು.

ಸೋಮವಾರ ರಾಜುಗಾರು ಬಂದು ಬೆಂಚಿನ ತುದಿಯಲ್ಲಿ ಕೂತರು. ಒಳಗೆ ಶುಂಠಿ, ಹಸಿಮೆಣಸಿನಕಾಯಿ ಒಗ್ಗರಣೆಯ ನೀರು ಮರಳುತ್ತಿತ್ತು. ಅಚ್ಚಾಯಮ್ಮ ಎಡಗೈಯಿಂದ ರವೆಯನ್ನು ಸೋನೆಮಳೆಯಂತೆ ಸುರಿಸುತ್ತ ಬಲಗೈಯಿಂದ ತಿರುವಿದಳು. ಉರಿ ತಗ್ಗಿಸಿ ಮುಚ್ಚಿದಳು. ಟೀಚರು ಮುಚ್ಚಳದ ಕಡೆ ಕೈ ಚಾಚಿದಾಗ, "ಉಬ್ಬಲಿ ಬಿಡಿ" ಎಂದು ತಡೆದಳು.

ರಾಜುಗಾರು ಶುಂಠಿ ಚಟ್ನಿಯೊಂದಿಗೆ ತಟ್ಟೆ ಖಾಲಿಮಾಡಿದರು. ತಟ್ಟೆ ತಲೆಕೆಳಗು ಮಾಡಿದ್ದ ಹುಡುಗಿ ಎದುರಿಗೇ ಇದ್ದಳು. ಅವರು ಅವಳನ್ನೇ ಕೇಳಿದರು. "ಏನಮ್ಮ, ದಿನಾ ಹೀಗೇ ಇರತ್ತಾ?"

"ಇಲ್ಲ ತಾತಗಾರೂ. ಇವತ್ತು ಚೆನ್ನಾಗಿದೆ."

ಟೀಚರು ಕಣ್ಣು ಮುಚ್ಚಿಕೊಂಡರು. ಅಚ್ಚಾಯಮ್ಮ ಮಾತ್ರ ಮುಂದೆ ಬಂದು, "ನಿಜ ಹೇಳ್ತಿದ್ದಾಳೆ. ಒಂದು ವರ್ಷ ಹುರಿಯದೆ ಹಾಕ್ತಿದ್ದೆ. ಇನ್ನು ಹುರಿದೇ ಹಾಕ್ತೀನಿ" ಎಂದಳು.

ರಾಜುಗಾರು ತಟ್ಟೆಯನ್ನು ಮುಂದೆ ತಳ್ಳಿದರು. "ಹಾಗಾದ್ರೆ ಇನ್ನೊಂದು ಸೌಟು ಹಾಕು. ಭೀಮವರದಿಂದ ವ್ಯಾನು ಬರೋ ಹೊತ್ತಿಗೆ ಅದರಲ್ಲಿನ ತಿಂಡಿ ಆರಿರತ್ತೆ." ಗುತ್ತಿಗೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಅದಾಗಿ ಎಷ್ಟೋ ವರ್ಷಗಳಾದವು; ಈಗ ಅಚ್ಚಾಯಮ್ಮನ ಮೊಣಕಾಲುಗಳಲ್ಲಿ ಬಲವಿಲ್ಲ. ಒಲೆಯ ಮುಂದೆ ನಿಲ್ಲುವುದು ವೀರರಾಘವಮ್ಮ ಎಂಬ ಹೊಸ ಅಡುಗೆಯವಳು. ಹಿಂದಿನ ಕೋಣೆ ಅಚ್ಚಾಯಮ್ಮನಿಗೇ ಇದೆ. ಸಂಜೆಯ ಅಡುಗೆ ಮುಗಿದು ಬಾಣಲೆ ಒಲೆಯ ಮೇಲೇರಿದ ಸದ್ದು ಕೇಳಿದರೆ ಅವಳು ಗೋಡೆ ಹಿಡಿದು ಬಂದು ಮುಕ್ಕಾಲಿಯ ಮೇಲೆ ಕೂರುತ್ತಾಳೆ. ಕಣ್ಣು ಅಷ್ಟಾಗಿ ಕಾಣದು.

"ಆಯ್ತಾ ಪೆದ್ದಮ್ಮ?" ಎಂದು ವೀರರಾಘವಮ್ಮ ಕೇಳುತ್ತಾಳೆ.

"ಎಲ್ಲಾಯ್ತು, ಇನ್ನೂ ಹಸಿ ವಾಸನೆ. ಆಡಿಸು."